ಹಲ್ಮಿಡಿಯ ಅಡಿಟಿಪ್ಪಣಿ

(ಬೂವನಹಳ್ಳಿಯ ಒಂದು ಮನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಚಿಕ್ಕಪ್ಪ. ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕನ್ನಡ ಎಂ.ಎ. ಓದುತ್ತಿರುವ ಅಣ್ಣನ ಮಗಳು.)

— ಚಿಕ್ಕಪ್ಪ, ಈ ಪುಟ ಸ್ವಲ್ಪ ನೋಡಿ. ಹಲ್ಮಿಡಿ ಶಾಸನದ ಕಾಲದ ಬಗ್ಗೆ ಬರೆದ ಅಧ್ಯಾಯ. ನಮ್ಮ ಗೈಡ್ ಐದನೇ ಅಡಿಟಿಪ್ಪಣಿಗೆ ಸುತ್ತು ಹಾಕಿ ‘ವಿದ್ವತ್ ಆಕರವಲ್ಲ, ತೆಗೆಯಿರಿ’ ಅಂತ ಬರೆದಿದ್ದಾರೆ.

— ಏನಿತ್ತು ಅಲ್ಲಿ?

— ಒಂದು ಅಂತರ್ಜಾಲ ಪತ್ರಿಕೆಯ ಲೇಖನ. ಬರೆದವರು ಯಾರೋ ದಾರಿಹೋಕರಲ್ಲ, ಜೀವಮಾನವೆಲ್ಲ ಶಾಸನ ಓದಿದವರು. ಅಂಥವರು ಬರೆದದ್ದು ವಿದ್ವತ್ತಲ್ಲ ಅಂದ್ರೆ ಇನ್ಯಾವುದು ವಿದ್ವತ್ತು?

— ನೀನು ಎರಡು ಪ್ರಶ್ನೆನ ಒಂದೇ ಮಾಡ್ಕೊಂಡು ಸಿಟ್ಟಾಗಿದ್ದೀಯ ಕಣಮ್ಮ. ಆ ಲೇಖನವನ್ನ ನಂಬಿ ಉಲ್ಲೇಖಿಸಬಹುದೇ ಅನ್ನೋದು ಒಂದು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅದು ವಿದ್ವತ್ ಲೇಖನವೇ ಅನ್ನೋದು ಇನ್ನೊಂದು. ಒಂದಕ್ಕೆ ಹೌದು, ಇನ್ನೊಂದಕ್ಕೆ ಅಲ್ಲ ಅನ್ನೋ ಉತ್ತರ ಬರಬಹುದು. ಎಷ್ಟೋ ಸಲ ಹಾಗೇ ಬರುತ್ತೆ.

— ಲೆಕ್ಕ ಅಂದ್ರೆ?

— ಇವತ್ತು ‘ವಿದ್ವತ್ ಲೇಖನ’ ಅಂದ್ರೆ ಸಾಮಾನ್ಯವಾಗಿ ಪ್ರಕಟಣೆಗೆ ಮುಂಚೆ ಅದೇ ವಿಷಯದ ಒಬ್ಬಿಬ್ಬರು ತಜ್ಞರು ಓದಿ, ತಕರಾರು ಎತ್ತಿ, ತಿದ್ದಿಸಿ, ಒಪ್ಪಿದ ಲೇಖನ. ಲೇಖಕ ಎಷ್ಟು ದೊಡ್ಡವನು ಅನ್ನೋದು ಆ ಲೆಕ್ಕಕ್ಕೆ ಬರೋದಿಲ್ಲ. ಆ ಮಹನೀಯರು ತಮ್ಮದೇ ಜಾಲತಾಣದಲ್ಲಿ ಬರೆದ್ರೆ ತಡೆಯೋರು ಯಾರೂ ಇಲ್ಲ. ಅಂತರ್ಜಾಲ ಪತ್ರಿಕೆಗೆ ಕಳಿಸಿದ್ರೆ ಸಂಪಾದಕರು ಕಾಗುಣಿತ ನೋಡ್ತಾರೆ, ಉದ್ದ ಕಮ್ಮಿ ಮಾಡ್ತಾರೆ, ಒಳ್ಳೆ ತಲೆಬರಹ ಕೊಡ್ತಾರೆ. ‘ಯ’ಕಾರದ ಕಾಲು ಬಾಗಿದ್ದು ಯಾವ ಶತಮಾನದಲ್ಲಿ ಅಂತ ಜಗಳಕ್ಕೆ ನಿಲ್ಲೋದಿಲ್ಲ. ನಿಮ್ಮ ಗೈಡ್ ಹೇಳಿರೋದು ಅಷ್ಟೇ. ಅದರಲ್ಲಿ ತಪ್ಪಿಲ್ಲ.

— ಹಾಗಾದ್ರೆ ತೆಗೆದುಬಿಡ್ಲಾ?

— ಅವಸರ ಬೇಡ. ‘ತೆಗೆಯಿರಿ’ ಅನ್ನೋದು ಬೇರೆ ಮಾತು, ಅದನ್ನ ಆಮೇಲೆ ನೋಡೋಣ. ಮೊದಲು ಒಂದು ಹೇಳು. ಹಲ್ಮಿಡಿ ಶಾಸನ ಮೊದಲು ಪ್ರಕಟವಾಗಿದ್ದು ಎಲ್ಲಿ?

— 1936ರ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ. ಎಂ.ಎಚ್. ಕೃಷ್ಣ ಆಗ ಇಲಾಖೆಯ ನಿರ್ದೇಶಕರು.

— ಆ ವರದಿಯನ್ನ ಹೊರಗಿನ ತಜ್ಞರಿಗೆ ಕಳಿಸಿ ಒಪ್ಪಿಗೆ ತಗೊಂಡಿದ್ರಾ? ಇಲಾಖೆಯ ವರದಿ ಅದು, ಬರೆದೋರೂ ಅಚ್ಚಿಗೆ ಕೊಟ್ಟೋರೂ ಇಲಾಖೆಯೋರೇ. ಈಗಿನ ನಿಯಮ ಹಿಡ್ಕೊಂಡು ಹೋದ್ರೆ ಅದೂ ‘ವಿದ್ವತ್ ಲೇಖನ’ ಅಲ್ಲ! ಆದ್ರೂ ಹಲ್ಮಿಡಿ ಬಗ್ಗೆ ಬರೆಯೋರು ಯಾರೂ ಅದನ್ನ ಬಿಟ್ಟು ಬರೆಯೋ ಹಾಗಿಲ್ಲ. ಯಾಕೆ?

— ಮೂಲ ಅಲ್ವಾ ಅದು.

— ಮೂಲ ಅನ್ನೋದರ ಜೊತೆಗೆ ಇನ್ನೊಂದಿದೆ. ಅಚ್ಚೊತ್ತಿದ ಪಡಿಯಚ್ಚು, ಸಾಲುಸಾಲಾಗಿ ಪಾಠ, ಅನುವಾದ, ಟಿಪ್ಪಣಿ ಎಲ್ಲ ಮುಂದಿಟ್ಟಿದ್ದಾರೆ. ಹದಿನಾರು ಸಾಲಿನ ಶಾಸನ. ಕೃಷ್ಣ ಅವರ ಓದು ತಪ್ಪು ಅನ್ನಿಸಿದೋರು ಅದೇ ಪಡಿಯಚ್ಚು ನೋಡಿ ತಪ್ಪು ಅಂತ ತೋರಿಸಬಹುದು, ತೋರಿಸಿದ್ದಾರೆ ಕೂಡ. ಪ್ರಕಟಣೆಗೆ ಮುಂಚೆ ಇಬ್ಬರು ನೋಡಲಿಲ್ಲ, ನಿಜ. ಆಮೇಲೆ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡದ ಪಂಡಿತರೆಲ್ಲ ಭೂತಗನ್ನಡಿ ಹಿಡಿದು ನೋಡಿದ್ದಾರಲ್ಲ.

— ನಮ್ಮ ಹಳೇ ಪತ್ರಿಕೆಗಳೂ ಹಾಗೇ ಅಲ್ವಾ? ‘ಪ್ರಬುದ್ಧ ಕರ್ಣಾಟಕ’...

— 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಶುರು ಮಾಡಿದಾಗ ಅದರಲ್ಲಿ ಕಥೆ, ಕವಿತೆ, ಸಂಶೋಧನೆ ಎಲ್ಲ ಒಂದೇ ರಟ್ಟಿನೊಳಗೆ ಬರ್ತಿತ್ತು. ಅದರ ಸಂಶೋಧನ ಲೇಖನ ಇವತ್ತಿಗೂ ಉಲ್ಲೇಖ ಆಗುತ್ತೆ, ಕವಿತೆಯನ್ನ ಯಾರೂ ಸಂಶೋಧನೆ ಅಂತ ಉಲ್ಲೇಖಿಸಲ್ಲ. ಪತ್ರಿಕೆಯ ಹೆಸರು ನೋಡಿದ್ರೆ ಸಾಲದು, ಅದರೊಳಗೆ ಯಾವ ಬಗೆಯ ಬರಹ ಅಂತ ನೋಡ್ಬೇಕು. ಈಗಿನದರಲ್ಲೂ ಅಷ್ಟೆ. ಬೆಂಗಳೂರಿನಿಂದ ಬರೋ ‘ಕರೆಂಟ್ ಸೈನ್ಸ್’ ತಗೋ. ಅದರಲ್ಲಿ ಸಂಶೋಧನ ಲೇಖನವೂ ಇರುತ್ತೆ, ಓದುಗರ ಪತ್ರವೂ ಇರುತ್ತೆ, ಪುಸ್ತಕ ವಿಮರ್ಶೆಯೂ ಇರುತ್ತೆ. ಮೂರಕ್ಕೂ ಒಂದೇ ತೂಕ ಹಾಕೋಕಾಗುತ್ತಾ?

— ನೀವು ಹೇಳೋದು ನೋಡಿದ್ರೆ ತಜ್ಞರು ನೋಡಿ ಒಪ್ಪೋ ಪದ್ಧತಿಗೇ ಬೆಲೆ ಇಲ್ಲ ಅನ್ನಿಸ್ತಿದೆ.

— ಬೆಲೆ ಇದೆ. ಆದ್ರೆ ಅದರ ಮೊಹರು ಬಿದ್ದಿದ್ದೆಲ್ಲ ಚಿನ್ನ ಅಲ್ಲ. ಯುಜಿಸಿ ತನ್ನ ಒಪ್ಪಿತ ನಿಯತಕಾಲಿಕಗಳ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4305 ಹೆಸರು ತೆಗೆದುಹಾಕ್ತು. ಅವುಗಳಲ್ಲಿ ದುಡ್ಡು ತಗೊಂಡು ಏನು ಕಳಿಸಿದ್ರೂ ಅಚ್ಚು ಹಾಕೋವೂ ಇದ್ದವು. ಆಮೇಲೆ ಕೇರ್ ಪಟ್ಟಿ ಅಂತ ಮಾಡಿದ್ರು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವ ಪತ್ರಿಕೆ ಒಳ್ಳೇದು ಅಂತ ನೀವೇ ತೀರ್ಮಾನಿಸ್ಕೊಳ್ಳಿ ಅಂತ ವಿಶ್ವವಿದ್ಯಾಲಯಗಳಿಗೆ ಬಿಟ್ಟರು. ಈಗ ಹೇಳು, ಪಟ್ಟಿ ನೋಡ್ಕೊಂಡು ಕೂತೋರು ಏನು ಮಾಡ್ಬೇಕು?

— ಲೇಖನ ಓದ್ಬೇಕು.

— ಹ್ಞಾಂ. ನಿನ್ನ ಲೇಖನ ತೆಗಿ. ಅದರಿಂದ ನೀನು ಏನೇನು ತಗೊಂಡಿದ್ದೀಯ?

— ಮೂರು ವಿಷಯ. ಶಾಸನ 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ತು ಅನ್ನೋದು. ಶಾಸನದಲ್ಲಿ ಶಕವರ್ಷ ಇಲ್ಲ, ಅಕ್ಷರದ ರೂಪ ನೋಡಿದ್ರೆ ಕಾಲವನ್ನ 450ಕ್ಕಿಂತ ಒಂದರ್ಧ ಶತಮಾನ ಈಚೆಗೆ ತರಬಹುದು ಅನ್ನೋ ಅವರ ವಾದ. ಕೊನೇದು, ತಾಳಗುಂದದ ಸಿಂಹಕಟಾಂಜನ ಶಾಸನ 370ರದ್ದು, ಹಲ್ಮಿಡಿಗಿಂತ ಹಳೇದು ಅನ್ನೋದು.

— ಮೂರಕ್ಕೂ ಒಂದೇ ಅಡಿಟಿಪ್ಪಣಿ ಕೊಟ್ಟಿದ್ದೀಯ. ಗೈಡ್‌ಗೆ ಕೋಪ ಬಂದಿದ್ದು ಅದಕ್ಕೇ ಇರಬಹುದು. ಮೂರನ್ನೂ ಬಿಡಿಸು. ಮೊದಲನೇದಕ್ಕೆ ಈ ಲೇಖನ ಬೇಕೇ ಇಲ್ಲ. ಅವರಿಗೂ ಅದು ಬೇರೆ ಕಡೆಯಿಂದ ಬಂದದ್ದು. ಇಲಾಖೆಯ ವರದಿಗೆ ಹೋಗು, ಅದರ ಪುಟ ಸಂಖ್ಯೆ ಕೊಡು. ಆ ವರದಿಗಳೂ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲೇ ಸಿಗ್ತವೆ. ಆದ್ರೆ ಅಂತರ್ಜಾಲದಲ್ಲಿ ಸಿಕ್ತು ಅನ್ನೋ ಮಾತ್ರಕ್ಕೆ ಅದು ಜಾಲತಾಣದ ಬರಹ ಆಗಲ್ಲ, ಹಳೇ ವರದಿಯಾಗೇ ಉಲ್ಲೇಖಿಸ್ಬೇಕು. ನಮ್ಮ ಹುಡುಗರು ಬಿ.ಎಲ್. ರೈಸ್ ಅವರ 1902ರ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನೂ ‘ಜಾಲತಾಣಗಳು’ ಅನ್ನೋ ತಲೆಬರಹದ ಕೆಳಗೆ ಹಾಕಿರೋದನ್ನ ಕಂಡಿದ್ದೀನಿ!

— ಎರಡನೇದು?

— ಅದೇ ನಿಜವಾದ ವಿಷಯ. ಅದು ಅವರ ಸ್ವಂತ ವಾದ, ಬೇರೆಲ್ಲೂ ಅಚ್ಚಾಗಿಲ್ಲ ಅಂತ ಕಾಣುತ್ತೆ. ಹಾಗಿದ್ರೆ ಅವರನ್ನ ಬಿಟ್ಟು ಇನ್ಯಾರನ್ನ ಉಲ್ಲೇಖಿಸ್ತೀಯ? ಆದ್ರೆ ಮುಂಚೆ ಕೆಲವು ಕೇಳ್ಕೋ. ಅವರು ಪಂಡಿತರು ಸರಿ, ಯಾವುದರಲ್ಲಿ?

— ಶಾಸನದಲ್ಲಿ.

— ಯಾವ ಕಾಲದ ಶಾಸನದಲ್ಲಿ? ಹೊಯ್ಸಳರ ಕಾಲದ ವೀರಗಲ್ಲು ಓದಿ ಹೆಸರು ಮಾಡಿದೋರು ಐದನೇ ಶತಮಾನದ ಲಿಪಿ ಬಗ್ಗೆ ಮಾತಾಡಿದ್ರೆ ಗೌರವದಿಂದ ಕೇಳ್ಬೇಕು, ಕಣ್ಣುಮುಚ್ಕೊಂಡು ನಂಬಬಾರದು. ನಡುವೆ ಆರೇಳು ನೂರು ವರ್ಷದ ದೂರ ಇದೆ. ವಿಕಿಪೀಡಿಯದೋರ ನಿಯಮ ಈ ವಿಷಯದಲ್ಲಿ ಚೆನ್ನಾಗಿದೆ. ತಜ್ಞ ತಾನೇ ಪ್ರಕಟಿಸ್ಕೊಂಡ ಬರಹವನ್ನೂ ಬಳಸಬಹುದು ಅಂತಾರೆ. ಆದ್ರೆ ಅದೇ ಕ್ಷೇತ್ರದಲ್ಲಿ ಅವರ ಕೆಲಸವನ್ನ ಬೇರೆ ನಂಬಿಕಸ್ಥ ಪ್ರಕಾಶಕರು ಮುಂಚೆ ಪ್ರಕಟಿಸಿರ್ಬೇಕು. ಬದುಕಿರೋ ಇನ್ನೊಬ್ಬರ ಬಗ್ಗೆ ಬರೆಯೋದಾದ್ರೆ ಅದೂ ನಡೆಯಲ್ಲ.

— ಇವರು ಕದಂಬರ ಶಾಸನಗಳ ಬಗ್ಗೆ ವಿದ್ವತ್ ಪತ್ರಿಕೆಗಳಲ್ಲಿ ಬರೆದಿದ್ದಾರೆ, ನೋಡಿದ್ದೀನಿ.

— ಒಳ್ಳೇದು. ಇನ್ನು ಲೇಖನದೊಳಗೆ ಹೋಗೋಣ. ಅಕ್ಷರರೂಪದ ವಾದ ಅಂದ್ಯಲ್ಲ, ಚಿತ್ರ ಕೊಟ್ಟಿದ್ದಾರಾ?

— ಕೊಟ್ಟಿದ್ದಾರೆ. ಹಲ್ಮಿಡಿಯದ್ದು ನಾಲ್ಕು ಅಕ್ಷರ, ಪಕ್ಕದಲ್ಲೇ ಬೇರೆ ಎರಡು ಶಾಸನದ ಅದೇ ನಾಲ್ಕು ಅಕ್ಷರ. ದೊಡ್ಡದು ಮಾಡಿ ನೋಡಬಹುದು. ವರದಿಯಲ್ಲಿರೋ ಪಡಿಯಚ್ಚಿಗಿಂತ ಇದೇ ಸ್ಪಷ್ಟವಾಗಿದೆ.

— ಇಲ್ಲಿ ಅಂತರ್ಜಾಲದ ಬರಹಕ್ಕೇ ಒಂದು ಅನುಕೂಲ ಇದೆ ನೋಡು. ಅಚ್ಚಿನ ಪತ್ರಿಕೆಗಳಲ್ಲಿ ಶಾಸನದ ಫೋಟೋ ಎಷ್ಟೋ ಸಲ ಮಸಿ ಬಳಿದ ಹಾಗೆ ಬರುತ್ತೆ. ಬೆಂಗಳೂರಿನ ಮಿಥಿಕ್ ಸೊಸೈಟಿಯೋರು ಶಾಸನಕಲ್ಲುಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿದ್ದಾರಲ್ಲ, ಅಂಥದ್ದನ್ನ ಕಾಗದದ ಮೇಲೆ ತೋರಿಸೋಕೇ ಆಗಲ್ಲ. ಸಾಕ್ಷಿ ಮುಂದಿಟ್ಟಿದ್ದಾರೆ, ನೀನೂ ನಾನೂ ಪರೀಕ್ಷೆ ಮಾಡ್ಬಹುದು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಗುರುತು. ಆದ್ರೆ ಹೋಲಿಸೋಕೆ ತಗೊಂಡ ಆ ಎರಡು ಶಾಸನ ಯಾವುವು, ಅವುಗಳಲ್ಲಿ ಕಾಲ ನಮೂದಾಗಿದೆಯಾ?

— ಒಂದರಲ್ಲಿದೆ. ಇನ್ನೊಂದರ ಕಾಲವನ್ನೂ ಅಕ್ಷರದಿಂದಲೇ ಊಹಿಸಿದ್ದಾರೆ ಅಂತ ಕಾಣುತ್ತೆ.

— ಅಲ್ಲೇ ಇರೋದು ತೊಡಕು. ಕಾಲ ಗೊತ್ತಿಲ್ಲದ ಕಲ್ಲಿಂದ ಇನ್ನೊಂದು ಕಲ್ಲಿನ ಕಾಲ ಅಳೆದ್ರೆ ಸುತ್ತಿ ಸುತ್ತಿ ಅಲ್ಲಿಗೇ ಬರ್ತೀವಿ. ವಿಷಯ ಬಲ್ಲ ಪರಿಶೀಲಕರು ಮೊದಲು ಇದನ್ನೇ ಕೇಳೋರು: ಆ ಎರಡನೇ ಶಾಸನ ತೆಗೆದು ಕಾಲ ನಮೂದಾದ ಇನ್ನೊಂದನ್ನ ಹಾಕಿ ಅನ್ನೋರು. ಆ ಪ್ರಶ್ನೆ ಯಾರೂ ಕೇಳಿಲ್ಲ, ಈಗ ನೀನು ಕೇಳ್ಬೇಕು. ಅಲ್ದೆ ಅಕ್ಷರದ ಹೊರಗೂ ಒಂದು ಸಾಕ್ಷಿ ಇದೆ. ಶಾಸನದಲ್ಲಿ ಕದಂಬ ಕಾಕುಸ್ಥನ ಹೆಸರಿದೆಯಲ್ಲ, ಅದನ್ನ ಏನು ಮಾಡಿದ್ರು?

— ಆ ಹೆಸರಿನ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದಾರೆ.

— ವಾದಕ್ಕೆ ಎದುರಾಗೋ ಸಾಕ್ಷಿನ ಒಂದು ಸಾಲಲ್ಲಿ ದಾಟೋದು ಪತ್ರಿಕಾ ಬರಹದಲ್ಲಿ ಸಾಮಾನ್ಯ, ಜಾಗ ಇರಲ್ಲ. ವಿದ್ವತ್ ಲೇಖನದಲ್ಲಿ ದಾಟೋಕೆ ಬಿಡಲ್ಲ. ಲೇಖನ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಅದರ ತೂಕ ಎಷ್ಟು ಅಂತ ಹೇಳ್ತಿದ್ದೀನಿ. ನಿನ್ನ ವಾಕ್ಯ ಏನಿದೆ ಓದು.

— ‘ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 500ಕ್ಕೆ ಸೇರಿದ್ದೆಂದು ಸಿದ್ಧವಾಗಿದೆ.’

— ‘ಸಿದ್ಧವಾಗಿದೆ’! ಲೇಖಕರು ತಾವೇ ‘ತರಬಹುದು’ ಅಂದಿರೋದನ್ನ ನೀನು ಸಿದ್ಧ ಮಾಡ್ಬಿಟ್ಟಿದ್ದೀಯ. ಹೀಗೆ ಬರಿ: ಎಂ.ಎಚ್. ಕೃಷ್ಣ ಅವರು ಸುಮಾರು 450 ಅಂದಿದ್ದಾರೆ. ಇದಕ್ಕಿಂತ ಈಚಿನದು ಅನ್ನೋ ಅಭಿಪ್ರಾಯವೂ ಶಾಸನತಜ್ಞರಲ್ಲಿದೆ. ಇತ್ತೀಚೆಗೆ ಇಂಥವರು, ಅಂತರ್ಜಾಲ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ನಾಲ್ಕು ಅಕ್ಷರಗಳ ಹೋಲಿಕೆಯಿಂದ ಅದೇ ಕಡೆಗೆ ವಾಲಿದ್ದಾರೆ; ಹೋಲಿಸಿದ ಶಾಸನಗಳಲ್ಲಿ ಒಂದರ ಕಾಲ ಮಾತ್ರ ಖಚಿತ. ಹೆಸರು, ಪ್ರಕಟವಾದ ಜಾಗ, ಮಿತಿ ಮೂರೂ ವಾಕ್ಯದಲ್ಲೇ ಇರ್ಬೇಕು. ಓದೋನಿಗೆ ನೀನು ಏನನ್ನ ನೆಚ್ಚಿಕೊಂಡಿದ್ದೀಯ ಅಂತ ಗೊತ್ತಾಗುತ್ತೆ, ಅಡಿಟಿಪ್ಪಣಿ ಹುಡುಕೋ ಕೆಲಸ ಇಲ್ಲ.

— ತಾಳಗುಂದದ್ದು?

— ಅದಕ್ಕೆ ಅವರು ಏನು ಆಧಾರ ಕೊಟ್ಟಿದ್ದಾರೆ?

— ಒಂದು ಪತ್ರಿಕಾ ವರದಿಯ ಕೊಂಡಿ.

— ನೋಡಿದ್ಯಾ? ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಹತ್ರ, ಪುರಾತತ್ವ ಸರ್ವೇಕ್ಷಣದೋರು ಅಗೆದಾಗ 2013ರಲ್ಲಿ ಅದು ಸಿಕ್ತು. ಮೆಟ್ಟಿಲ ಪಕ್ಕದ ಸಿಂಹದ ಕಟಾಂಜನದ ಮೇಲಿನ ಬರಹ. ಅವರ ವರದಿಯಲ್ಲಿ 370 ಅಂತ ಕಾಲ ಹಾಕಿದ್ರು. ಆಮೇಲೆ ಪತ್ರಿಕೆಗಳಲ್ಲಿ ‘ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನ’ ಅಂತ ಬಂತು. ಆದ್ರೆ ಅದು ಎಲ್ಲ ಶಾಸನತಜ್ಞರೂ ಒಪ್ಪಿದ ಮಾತಲ್ಲ. ಈಗ ಸರಪಳಿ ಲೆಕ್ಕ ಹಾಕು: ಅಗೆದೋರ ವರದಿ, ಅದರ ಮೇಲೆ ಪತ್ರಕರ್ತರ ಸುದ್ದಿ, ಅದರ ಮೇಲೆ ನಿನ್ನ ಪಂಡಿತರ ಒಂದು ಸಾಲು, ಅದರ ಮೇಲೆ ನಿನ್ನ ಅಡಿಟಿಪ್ಪಣಿ. ಒಂದೊಂದು ಕೊಂಡಿಯಲ್ಲೂ ‘ಇರಬಹುದು’ ಅನ್ನೋದು ಉದುರುತ್ತಾ ಬಂದಿರುತ್ತೆ. ಈ ಮಾತಿಗೆ ಆ ಪಂಡಿತರು ತಜ್ಞರಾಗಿ ಸಾಕ್ಷಿ ಹೇಳ್ತಿಲ್ಲ, ಬರೀ ಪೇಪರ್ ಓದಿದೋರಾಗಿ ಹೇಳ್ತಿದ್ದಾರೆ. ಪುರಾತತ್ವದೋರ ವರದಿಗೇ ಹೋಗು.

— ಪತ್ರಿಕೆ ಸುದ್ದಿ ಉಲ್ಲೇಖಿಸಲೇಬಾರದಾ?

— ಹಾಗಲ್ಲ. ನಮ್ಮೂರ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ಆಯ್ತಲ್ಲ. ಮುಂದೆ ಯಾರಾದ್ರೂ ಅದರ ಚರಿತ್ರೆ ಬರೆದ್ರೆ ಯಾರು ಯಾವತ್ತು ಏನು ಭರವಸೆ ಕೊಟ್ಟರು ಅನ್ನೋದಕ್ಕೆ ಪೇಪರ್‌ಗಿಂತ ಒಳ್ಳೆ ಸಾಕ್ಷಿ ಸಿಗುತ್ತಾ? ತಾಳಗುಂದದ ಸುದ್ದಿಯೂ ಹಾಗೇ. ‘ಇಂಥ ಘೋಷಣೆ ಆಯ್ತು, ಜನ ಹೀಗೆ ತಿಳ್ಕೊಂಡ್ರು’ ಅಂತ ಬರೆಯೋದಾದ್ರೆ ಅದೇ ಮೂಲ ಆಕರ. ಲಿಪಿಯ ಕಾಲಕ್ಕೆ ಅದು ಸಾಕ್ಷಿ ಅಲ್ಲ, ಅಷ್ಟೆ.

— ಇನ್ನೊಂದು ವಿಚಿತ್ರ ಹೇಳ್ತೀನಿ. ಈ ಲೇಖನ ನಾನು ಮೊದಲು ಓದಿದಾಗ ‘370ರದ್ದು’ ಅಂತ ಇತ್ತು. ಈಗ ‘ನಾಲ್ಕನೆಯ ಶತಮಾನದ ಕೊನೆಯದೆಂದು ಹೇಳಲಾಗಿದೆ’ ಅಂತಾಗಿದೆ. ತಿದ್ದಿದ್ದು ಅಂತ ಎಲ್ಲೂ ಬರೆದಿಲ್ಲ.

— ಅಚ್ಚಿನ ಬರಹದ ಮೇಲೆ ಇಂಥ ಅನುಮಾನ ಬರಲ್ಲ, ಇದರ ಮೇಲೆ ಬರುತ್ತೆ. ತಿದ್ದಿದ್ದು ಒಳ್ಳೇದೇ ಆಗಿರ್ಬಹುದು. ಆದ್ರೆ ನೀನು ಉಲ್ಲೇಖಿಸಿದ ವಾಕ್ಯ ಅಲ್ಲಿಲ್ಲ ಅಂದ್ರೆ ಪರೀಕ್ಷಕರು ನಿನ್ನನ್ನೇ ಹಿಡ್ಕೋತಾರೆ. ನೀನು ಓದಿದ ದಿನವೇ web.archive.org ನಲ್ಲಿ ಪುಟವನ್ನ ಉಳಿಸಿಡಬೇಕಿತ್ತು. ದಿನಾಂಕ, ಗಂಟೆ ಸಮೇತ ಒಂದು ವಿಳಾಸ ಕೊಡುತ್ತೆ. ಈಗ ಹುಡುಕಿ ನೋಡು, ಹಳೇದನ್ನ ಬೇರೆ ಯಾರಾದ್ರೂ ಉಳಿಸಿರ್ಲೂಬಹುದು.

— ಗ್ರಂಥಋಣದಲ್ಲಿ ಹೇಗೆ ಬರೆಯೋದು? ನಾನು ವಿಳಾಸ ಮಾತ್ರ ಹಾಕಿದ್ದೆ. ಅದೂ ಹೇಗೆ ಬಂದಿದೆ ನೋಡಿ, ‘ಹಲ್ಮಿಡಿ’ ಅಂತ ಇರ್ಬೇಕಾದ ಕಡೆ ಇಷ್ಟುದ್ದ ಗೊಣಗೊಣ:

```
.../%E0%B2%B9%E0%B2%B2...
```

— ತಲೆಬರಹ ಕನ್ನಡದಲ್ಲಿದ್ದ ವಿಳಾಸ ನಕಲು ಮಾಡಿದ್ರೆ ಹೀಗೇ ಆಗುತ್ತೆ. ‘ಹ’ ಅನ್ನೋ ಒಂದಕ್ಷರವೇ %E0%B2%B9 ಆಗುತ್ತೆ. ತಪ್ಪಲ್ಲ, ಕ್ಲಿಕ್ ಮಾಡಿದ್ರೆ ತೆರೆಯುತ್ತೆ. ಆದ್ರೆ ಅಚ್ಚಿನ ಕಾಗದದಲ್ಲಿ ಅದನ್ನ ನೋಡಿ ಟೈಪ್ ಮಾಡೋರು ಯಾರು? ಅದಕ್ಕೇ ವಿಳಾಸ ಒಂದನ್ನೇ ನಂಬ್ಕೋಬಾರದು. ಲೇಖಕರ ಹೆಸರು, ವರ್ಷ ತಿಂಗಳು ದಿನ, ಲೇಖನದ ತಲೆಬರಹ, ಪತ್ರಿಕೆಯ ಹೆಸರು, ಆಮೇಲೆ ವಿಳಾಸ. ತಲೆಬರಹ ಉಲ್ಲೇಖ ಚಿಹ್ನೆಯೊಳಗೆ, ಪತ್ರಿಕೆ ಹೆಸರು ಓರೆ ಅಕ್ಷರದಲ್ಲಿ. ಕೊಂಡಿ ಸತ್ತರೂ ಹೆಸರು, ತಲೆಬರಹದಿಂದ ಹುಡುಕಬಹುದು. ನೋಡಿದ ದಿನಾಂಕ ಬೇಕಾ ಅನ್ನೋದರಲ್ಲಿ ಪದ್ಧತಿಗಳು ಬೇರೆ ಬೇರೆ. ಎಪಿಎ ಪ್ರಕಾರ ಬದಲಾಗ್ತಾ ಇರೋ ಪುಟಕ್ಕೆ ಮಾತ್ರ, ಎಂಎಲ್‌ಎ ಪ್ರಕಾರ ನಿಮ್ಮಿಷ್ಟ. ನಿನ್ನ ಪುಟ ಕಣ್ಣೆದುರೇ ಬದಲಾಗಿದೆ, ಹಾಕಲೇಬೇಕು.

— ಅದನ್ನ ಪಟ್ಟಿಯಲ್ಲಿ ‘ವಿದ್ವತ್ ಲೇಖನಗಳು’ ಕೆಳಗೆ ಹಾಕ್ಲಾ?

— ಬೇಡ. ಅದು ಕಳ್ಳ ಲೆಕ್ಕ ಆಗುತ್ತೆ. ‘ಪತ್ರಿಕಾ ಹಾಗೂ ಅಂತರ್ಜಾಲ ಬರಹಗಳು’ ಅಂತ ಬೇರೆ ತಲೆಬರಹ ಮಾಡು. ಗೈಡ್ ಕೇಳಿರೋ ವಿದ್ವತ್ ಆಕರಗಳ ಸಂಖ್ಯೆಗೆ ಇದನ್ನ ಸೇರಿಸ್ಬೇಡ. ಹಾಗೆ ಬೇರೆ ಇಟ್ಟಿದ್ದೀನಿ ಅಂತ ತೋರಿಸಿದ್ರೆ ಬಹುಶಃ ಅವರೂ ಒಪ್ತಾರೆ. ಇನ್ನೊಂದು ದಾರಿಯೂ ಇದೆ. ಆ ಲೇಖಕರಿಗೇ ಒಂದು ಮೇಲ್ ಬರೆದು ಕೇಳು, ಈ ವಾದವನ್ನ ಎಲ್ಲಾದ್ರೂ ಪೂರ್ತಿಯಾಗಿ ಪ್ರಕಟಿಸಿದ್ದೀರಾ ಅಂತ. ಎಷ್ಟೋ ಸಲ ಪಂಡಿತರು ಒಂದು ವಿಚಾರ ಸಂಕಿರಣದ ಪುಸ್ತಕದಲ್ಲಿ ವಿವರವಾಗಿ ಬರೆದು, ಅದರ ಸಾರ ಮಾತ್ರ ಪತ್ರಿಕೆಗೆ ಕೊಟ್ಟಿರ್ತಾರೆ. ಆ ಪುಸ್ತಕ ಸಿಕ್ಕಿದ್ರೆ ನಿನ್ನ ಅರ್ಧ ತಲೆನೋವು ಮುಗೀತು. ಎರಡನೇ ಕಲ್ಲಿನ ಕಾಲದ ಬಗ್ಗೆಯೂ ಅದೇ ಮೇಲ್‌ನಲ್ಲಿ ಕೇಳು.

— ಅಷ್ಟು ದೊಡ್ಡವರಿಗೆ ನಾನು ತಪ್ಪು ತೋರಿಸಿದ ಹಾಗಾಗಲ್ವಾ?

— ತಪ್ಪು ಅನ್ಬೇಡ, ‘ಇದು ನನಗೆ ತಿಳೀಲಿಲ್ಲ’ ಅಂತ ಬರಿ. ಕಲ್ಲು ಓದೋರಿಗೆ ಕಲ್ಲಿನ ಬಗ್ಗೆ ಕೇಳೋ ಹುಡುಗಿ ಸಿಕ್ಕಿದ್ರೆ ಖುಷಿಯಾಗುತ್ತೆ.

— ಸರಿ, ಇಷ್ಟೆಲ್ಲ ಮಾಡಿದ ಮೇಲೂ ಗೈಡ್ ‘ತೆಗೆಯಿರಿ’ ಅಂದ್ರೆ? ಅಡಿಟಿಪ್ಪಣಿ ತೆಗೆದು ವಾಕ್ಯ ಹಾಗೇ ಬಿಡೋಣ ಅಂತಿದ್ದೆ. ನಮ್ಮ ಕ್ಲಾಸಿನಲ್ಲಿ ತುಂಬಾ ಜನ ಹಾಗೇ ಮಾಡ್ತಾರೆ.

— ಮಾಡ್ತಾರೆ, ಗೊತ್ತು. ಆಕರ ವಿದ್ವತ್ ಅಲ್ಲ ಅಂತ ಹೆಸರು ಮಾತ್ರ ಅಳಿಸಿ, ಆ ಮನುಷ್ಯನ ನಾಲ್ಕು ಅಕ್ಷರದ ಹೋಲಿಕೆನ ತಮ್ಮದು ಅನ್ನೋ ಹಾಗೆ ಇಟ್ಕೋತಾರೆ. ನಕಲು ಹಿಡಿಯೋ ಸಾಫ್ಟ್‌ವೇರ್ ಕನ್ನಡದಲ್ಲಿ ಬೇರೆ ಮಾತಲ್ಲಿ ಬರೆದದ್ದನ್ನ ಹಿಡಿಯೋದೂ ಕಷ್ಟ. ನೀನು ಹಾಗೆ ಮಾಡ್ಬೇಡ. ಗೈಡ್ ಹತ್ರ ಒಂದೇ ಮಾತು ಹೇಳು: ಅಡಿಟಿಪ್ಪಣಿ ಹೋದ್ರೆ 500 ಅನ್ನೋ ವಾದವೂ ಹೋಗುತ್ತೆ, ಆ ಎರಡು ಪುಟ ಪೂರ್ತಿ ಹೋಗುತ್ತೆ, ಅಧ್ಯಾಯ ಕೃಷ್ಣ ಅವರ 450ರಲ್ಲೇ ನಿಲ್ಲುತ್ತೆ ಅಂತ. ಎರಡು ಪುಟ ಹೋಗಲಿ ಅಂದ್ರೆ ತೆಗೆದುಬಿಡು.

— ಎರಡು ಪುಟ ಬರೆಯೋಕೆ ಎಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ ನಿಮಗೆ?

— ಗೊತ್ತು. ಅದಕ್ಕೇ ಇವತ್ತೇ ಆ ಮೇಲ್ ಬರಿ. ಮೊದಲು ವಿಷಯದ ಸಾಲಲ್ಲಿ ‘ಹಲ್ಮಿಡಿ: ಹೋಲಿಕೆಯ ಎರಡನೇ ಶಾಸನ’ ಅಂತ ಹಾಕು.